‘ಸ್ವಲ್ಪ ಜಾಸ್ತಿ ಮಾಡಿ ಮೇಡಂ’ ಅನ್ನುವ ಮೊದಲು

‘ಹಾಯ್ ಮೇಡಂ, ಆಫರ್ ನೋಡಿದೆ, ಥ್ಯಾಂಕ್ಸ್. ಆದ್ರೆ ಸ್ಯಾಲರಿ ಸ್ವಲ್ಪ ಕಮ್ಮಿ ಅನ್ನಿಸ್ತಿದೆ. ನಾನು ಇದಕ್ಕಿಂತ ಜಾಸ್ತಿ ಎಕ್ಸ್‌ಪೆಕ್ಟ್ ಮಾಡಿದ್ದೆ. ಬೆಂಗಳೂರಲ್ಲಿ ಬಾಡಿಗೆ ಎಲ್ಲ ನಿಮಗೇ ಗೊತ್ತಲ್ವಾ. ಏನಾದ್ರೂ ಮಾಡೋಕಾಗುತ್ತಾ ನೋಡಿ ಪ್ಲೀಸ್. ಆಗ್ಲಿಲ್ಲ ಅಂದ್ರೂ ಪರ್ವಾಗಿಲ್ಲ.’ ಕೊನೆಗೊಂದು ಕೈಮುಗಿದ ಇಮೋಜಿ.

ಬೆಂಗಳೂರಿನ ಐಟಿ ಕಂಪನಿಗಳಿಗೆ ಜನ ಹುಡುಕುವ ರಿಕ್ರೂಟರುಗಳಿಗೆ ಇಂಥ ವಾಟ್ಸ್ಯಾಪ್ ಮೆಸೇಜು ಹೊಸದಲ್ಲ. ಓದಿ ಯಾರೂ ಸಿಟ್ಟಾಗುವುದಿಲ್ಲ. ಆದರೆ ಓದಿದ ಮೇಲೆ ಅವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಸಂಬಳ ಏರಿಸುವ ಅಧಿಕಾರ ಸಾಮಾನ್ಯವಾಗಿ ರಿಕ್ರೂಟರ ಕೈಯಲ್ಲಿಲ್ಲ. ಅವರು ಹೈರಿಂಗ್ ಮ್ಯಾನೇಜರನ್ನು ಒಪ್ಪಿಸಬೇಕು, ಸಂಬಳದ ಶ್ರೇಣಿ ನೋಡಿಕೊಳ್ಳುವ ತಂಡಕ್ಕೆ ಮೇಲ್ ಹಾಕಬೇಕು. ಆ ಮೇಲಿನಲ್ಲಿ ಮೂರು ವಿಷಯ ಇರಲೇಬೇಕು: ಅಭ್ಯರ್ಥಿ ಕೇಳುತ್ತಿರುವುದು ಎಷ್ಟು, ಯಾಕೆ, ಕೊಟ್ಟರೆ ಸೇರುವುದು ಖಾತ್ರಿಯೇ. ಮೇಲಿನ ಮೆಸೇಜಿನಲ್ಲಿ ಮೂರಕ್ಕೂ ಉತ್ತರವಿಲ್ಲ. ಅದರ ಮೇಲೆ ಕೊನೆಯ ಸಾಲು, ಕೊಡದಿದ್ದರೂ ನಾನು ಬರುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದೆ.

ಹಾಗಾಗಿ ಈ ಮೆಸೇಜನ್ನು ತಿದ್ದುವುದೆಂದರೆ ಅದಕ್ಕೆ ಸೂಟು ಬೂಟು ತೊಡಿಸುವುದಲ್ಲ. ರಿಕ್ರೂಟರ್ ಒಂದಕ್ಷರ ಬದಲಿಸದೆ ತಮ್ಮ ಮೇಲಿನವರಿಗೆ ಫಾರ್ವರ್ಡ್ ಮಾಡಬಹುದಾದ ಹಾಗೆ ಬರೆಯುವುದು. ಓದುವವರು ನಿಮ್ಮೊಂದಿಗೆ ಫೋನಿನಲ್ಲಿ ನಗುತ್ತ ಮಾತಾಡಿದ ರಿಕ್ರೂಟರ್ ಮಾತ್ರವಲ್ಲ, ನಿಮ್ಮ ಮುಖವನ್ನೇ ನೋಡದ ಇನ್ನೊಬ್ಬರೂ ಓದುತ್ತಾರೆ ಎಂದುಕೊಂಡು ಬರೆದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ಕೆಲಸ ಲೆಕ್ಕದ್ದು. ಅದು ಬರವಣಿಗೆಗಿಂತ ಮೊದಲು ಆಗಬೇಕು.

ಮೊದಲು ಬ್ರೇಕಪ್ ಕೇಳಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೇಲಿನ ಮೆಸೇಜು ಬರೆದವಳು ನಾಲ್ಕೂವರೆ ವರ್ಷ ಅನುಭವವಿರುವ ಒಬ್ಬ ಬ್ಯಾಕೆಂಡ್ ಡೆವಲಪರ್ ಎನ್ನಿ. ಈಗಿನ ಕಂಪನಿಯಲ್ಲಿ ಆಕೆಯ ಸಿಟಿಸಿ 11 ಲಕ್ಷ. ಹೊಸ ಕಂಪನಿ ಫೋನಿನಲ್ಲಿ 14 ಲಕ್ಷ ಎಂದಿದೆ. ‘ಟ್ವೆಂಟಿ ಸೆವೆನ್ ಪರ್ಸೆಂಟ್ ಹೈಕ್, ಒಳ್ಳೇ ಆಫರ್’ ಎಂದು ರಿಕ್ರೂಟರ್ ಹೇಳಿದ್ದಾರೆ. ಲೆಕ್ಕ ಸುಳ್ಳಲ್ಲ. ಆದರೆ ಸಿಟಿಸಿ ಎಂದರೆ ಕಂಪನಿಗೆ ನಿಮ್ಮಿಂದ ವರ್ಷಕ್ಕೆ ಬೀಳುವ ಒಟ್ಟು ಖರ್ಚು. ಅದರಲ್ಲಿ ನಿಮ್ಮ ಕೈಗೆ ಬರುವುದು ಎಷ್ಟು, ಬಂದರೂ ಬರಬಹುದು ಎನ್ನುವುದು ಎಷ್ಟು, ಐದು ವರ್ಷ ಕಳೆದ ಮೇಲೆ ಬರುವುದು ಎಷ್ಟು ಎಂಬುದು ಬ್ರೇಕಪ್ ನೋಡಿದಾಗಲೇ ಗೊತ್ತಾಗುವುದು.

ಈ ಹುಡುಗಿ ಬ್ರೇಕಪ್ ತರಿಸಿಕೊಂಡಳು. 14 ಲಕ್ಷದಲ್ಲಿ 1,40,000 ವೇರಿಯಬಲ್ ಪೇ. ಬೇಸಿಕ್ 7 ಲಕ್ಷವಾದ್ದರಿಂದ ಕಂಪನಿ ಕಟ್ಟುವ ಪಿಎಫ್ ಶೇ. 12ರಂತೆ 84,000. ಗ್ರಾಚ್ಯುಟಿ ಬೇಸಿಕ್‌ನ ಶೇ. 4.81, ಅಂದರೆ 33,670. ಆರೋಗ್ಯ ವಿಮೆಯ ಕಂತು 12,330. ಇವಿಷ್ಟನ್ನೂ ಕಳೆದರೆ ಉಳಿಯುವ ಫಿಕ್ಸೆಡ್ ಸಂಬಳ 11,30,000. ತಿಂಗಳಿಗೆ 94,167 ರೂಪಾಯಿ. ಅವಳ ಪಾಲಿನ ಪಿಎಫ್ ಮತ್ತು ತೆರಿಗೆ ಹೋಗುವುದು ಇದರಲ್ಲೇ.

ಈಗಿನ ಕಂಪನಿಯಲ್ಲಿ ಅವಳ ಫಿಕ್ಸೆಡ್ ತಿಂಗಳಿಗೆ 80,000. ಫಿಕ್ಸೆಡ್‌ಗೆ ಫಿಕ್ಸೆಡ್ ಹೋಲಿಸಿದರೆ ಏರಿಕೆ ಶೇ. 17.7 ಮಾತ್ರ. ರಿಕ್ರೂಟರ್ ಹೇಳಿದ 27ಕ್ಕೂ ಇದಕ್ಕೂ ಇರುವ ಅಂತರವೇ ಅವಳ ಮಾತುಕತೆಯ ಜಾಗ. ‘ಕಮ್ಮಿ ಅನ್ನಿಸ್ತಿದೆ’ ಎನ್ನುವುದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ‘ಫಿಕ್ಸೆಡ್‌ನಲ್ಲಿ ಏರಿಕೆ ಶೇ. 17.7’ ಎನ್ನುವುದಕ್ಕೆ ಉತ್ತರ ಕೊಡಲೇಬೇಕು.

ಗ್ರಾಚ್ಯುಟಿಯ ಬಗ್ಗೆ ಒಂದು ಮಾತು. 1972ರ ಗ್ರಾಚ್ಯುಟಿ ಕಾಯಿದೆ ಬಂದಾಗಿನಿಂದ ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆಯಾದ ಮೇಲೇ ಅದು ಸಿಗುವುದು ರೂಢಿ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರಿಗೆ ಈ ಸಾಲು ಆಫರ್ ಪತ್ರದ ಅಲಂಕಾರವಷ್ಟೇ. ಆದರೆ ಅದರ ಮೇಲೆ ವಾದ ಹೂಡಿ ಪ್ರಯೋಜನವಿಲ್ಲ. ಪಿಎಫ್ ಆಗಲಿ ಗ್ರಾಚ್ಯುಟಿ ಆಗಲಿ ರಿಕ್ರೂಟರ್ ಬದಲಿಸಬಲ್ಲ ಸಾಲುಗಳಲ್ಲ. ಬದಲಾಗುವುದು ಫಿಕ್ಸೆಡ್, ಜಾಯಿನಿಂಗ್ ಬೋನಸ್, ನೋಟಿಸ್ ಬೈಔಟ್, ಕೆಲವೊಮ್ಮೆ ವೇರಿಯಬಲ್‌ನ ಪ್ರಮಾಣ.

ಬ್ರೇಕಪ್ ಕೇಳುವಾಗಲೇ ವೇರಿಯಬಲ್ ಬಗ್ಗೆ ಎರಡು ಪ್ರಶ್ನೆ ಹಾಕಿ: ಹಿಂದಿನ ಎರಡು ವರ್ಷ ಈ ತಂಡದಲ್ಲಿ ಸರಾಸರಿ ಎಷ್ಟು ಪರ್ಸೆಂಟ್ ಕೊಟ್ಟಿದ್ದೀರಿ, ವರ್ಷದ ನಡುವೆ ಸೇರಿದವರಿಗೆ ಎಷ್ಟು ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ವೇರಿಯಬಲ್ ಸೊನ್ನೆ ಎಂದಿಟ್ಟುಕೊಂಡೇ ಲೆಕ್ಕ ಹಾಕುವುದು ಕ್ಷೇಮ.

ಒಂದೇ ಸಂಖ್ಯೆ, ಅದಕ್ಕೊಂದು ಕಾರಣ

ಎಷ್ಟು ಕೇಳಬೇಕು? ‘15ರಿಂದ 16 ಲಕ್ಷ’ ಎಂದು ಬರೆಯುವವರೇ ಹೆಚ್ಚು. ಕೇಳಿಸಿಕೊಳ್ಳುವವರಿಗೆ ಅದರಲ್ಲಿ 15 ಮಾತ್ರ ಕೇಳಿಸುತ್ತದೆ. ಶ್ರೇಣಿ ಕೊಡಬೇಡಿ, ಒಂದೇ ಸಂಖ್ಯೆ ಕೊಡಿ. ಅದನ್ನೂ ಸಿಟಿಸಿಯಲ್ಲಿ ಹೇಳದೆ ಫಿಕ್ಸೆಡ್‌ನಲ್ಲಿ ಹೇಳಿ. ಸಿಟಿಸಿಯಲ್ಲಿ ಕೇಳಿದರೆ ಏರಿಕೆಯನ್ನು ವೇರಿಯಬಲ್‌ಗೆ ಸೇರಿಸಿ ‘ನೀವು ಕೇಳಿದ್ದನ್ನೇ ಕೊಟ್ಟೆವು’ ಎನ್ನಲು ಬರುತ್ತದೆ.

ನಮ್ಮ ಉದಾಹರಣೆಯ ಹುಡುಗಿ ಫಿಕ್ಸೆಡ್ 12,50,000 ಕೇಳಲು ತೀರ್ಮಾನಿಸಿದಳು. ಅವಳ ಈಗಿನ ಫಿಕ್ಸೆಡ್ 9,60,000ಕ್ಕೆ ಇದು ಸುಮಾರು ಶೇ. 30ರ ಏರಿಕೆ. ಮನಸ್ಸಿನಲ್ಲಿ ಇನ್ನೊಂದು ಸಂಖ್ಯೆ ಇಟ್ಟುಕೊಂಡಳು: 11,80,000. ಅದಕ್ಕಿಂತ ಕೆಳಗಾದರೆ ಬೇಡ. ಈ ಎರಡನೆಯ ಸಂಖ್ಯೆಯನ್ನು ಯಾರಿಗೂ ಹೇಳುವಂತಿಲ್ಲ, ‘ಕನಿಷ್ಠ ಎಷ್ಟಾದರೆ ಬರ್ತೀರಾ’ ಎಂದು ರಿಕ್ರೂಟರ್ ಎಷ್ಟೇ ಆತ್ಮೀಯವಾಗಿ ಕೇಳಿದರೂ.

ಕಾರಣ ಹೇಳುವಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುತ್ತಾರೆ. ಬಾಡಿಗೆ, ಗೃಹಸಾಲದ ಇಎಂಐ, ಊರಿನಲ್ಲಿರುವ ಅಪ್ಪ ಅಮ್ಮ, ಮುಂದಿನ ವರ್ಷದ ಮದುವೆ. ಇವೆಲ್ಲ ನಿಜವಾದ ಖರ್ಚುಗಳೇ. ಆದರೆ ಶ್ರೇಣಿ ನೋಡಿಕೊಳ್ಳುವ ತಂಡದವರು ತಮ್ಮ ಮೇಲಧಿಕಾರಿಗೆ ‘ಈಕೆಗೆ ಮನೆಸಾಲವಿದೆ’ ಎಂದು ಬರೆದು ಒಪ್ಪಿಗೆ ಪಡೆಯಲಾರರು. ಅವರಿಗೆ ಬೇಕಾದ ಕಾರಣ ಕೆಲಸದ್ದು. ಇಂಟರ್‌ವ್ಯೂನಲ್ಲಿ ಏನು ಮಾತಾಯಿತೋ ಅಲ್ಲೇ ಅದು ಸಿಗುತ್ತದೆ. ಮೂರನೆಯ ಸುತ್ತಿನಲ್ಲಿ ಮ್ಯಾನೇಜರ್ ‘ಪೇಮೆಂಟ್ ಮಾಡ್ಯೂಲನ್ನು ನೀವೇ ನೋಡ್ಕೋಬೇಕಾಗುತ್ತೆ, ಆನ್‌ಕಾಲ್ ಕೂಡ ಇರುತ್ತೆ’ ಎಂದಿದ್ದರು. ಅವಳು ಅದೇ ಕೆಲಸವನ್ನು ಎರಡು ವರ್ಷದಿಂದ ಮಾಡುತ್ತಿದ್ದಾಳೆ. ಕಲಿಸಬೇಕಾಗಿಲ್ಲ, ಸೇರಿದ ದಿನದಿಂದ ಉಪಯೋಗಕ್ಕೆ ಬರುತ್ತಾಳೆ. ಮ್ಯಾನೇಜರ್ ತನ್ನ ಬಾಯಲ್ಲೇ ಹೇಳಿದ್ದನ್ನು ಪತ್ರದಲ್ಲಿ ಕಂಡಾಗ ಇಲ್ಲ ಅನ್ನುವುದು ಕಷ್ಟ.

ಇನ್ನೊಂದು ಕಂಪನಿಯ ಆಫರ್ ಕೈಯಲ್ಲಿದ್ದರೆ ಅದು ಎಲ್ಲಕ್ಕಿಂತ ಗಟ್ಟಿ ಕಾರಣ. ಇಲ್ಲದಿದ್ದರೆ ಇದೆ ಎಂದು ಹೇಳಬೇಡಿ. ಪ್ರತಿ ತೋರಿಸಿ ಎಂದು ಕೇಳುವುದು ನಮ್ಮಲ್ಲಿ ಮಾಮೂಲು. ಈಗಿನ ಸಂಬಳವನ್ನೂ ಉಬ್ಬಿಸಿ ಹೇಳಬಾರದು. ಕೊನೆಯ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಸೇರುವಾಗ ಹಿನ್ನೆಲೆ ಪರಿಶೀಲನೆಯೂ ಆಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವುದನ್ನೇ 2018ರಿಂದ ಕಾನೂನು ತಡೆದಿದೆ. ಅಲ್ಲಿ ಕೆಲಸ ಹುಡುಕುವ ಕನ್ನಡಿಗರು ಇದನ್ನು ತಾವಾಗಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಅಂಥ ತಡೆಯಿಲ್ಲ, ಹಾಗಾಗಿ ಸುಳ್ಳು ಹೇಳಿದರೆ ಸಿಕ್ಕಿಬೀಳುವುದು ಸುಲಭ. ಆಫರ್ ಹಿಂತೆಗೆದುಕೊಂಡರೆ ಆಗ ಕೇಳುವವರಿಲ್ಲ.

ಇನ್ನೊಂದು ತೊಡಕು ಬಹಳ ಜನರಿಗೆ ಎದುರಾಗುತ್ತದೆ. ಮೊದಲ ಫೋನ್ ಕರೆಯಲ್ಲೇ ‘ಎಕ್ಸ್‌ಪೆಕ್ಟೆಡ್ ಸಿಟಿಸಿ ಎಷ್ಟು’ ಎಂದು ಕೇಳಿರುತ್ತಾರೆ, ಗಡಿಬಿಡಿಯಲ್ಲಿ ‘ಫೋರ್ಟೀನ್’ ಎಂದಿರುತ್ತೀರಿ. ಈಗ ಹೆಚ್ಚು ಕೇಳಿದರೆ ‘ನೀವೇ ಹೇಳಿದ್ದಲ್ವಾ’ ಎನ್ನುತ್ತಾರೆ. ಹೇಳಿದ್ದನ್ನು ಅಲ್ಲಗಳೆಯಬೇಡಿ. ‘ಹೌದು, ಕೆಲಸದ ವಿವರ ಮತ್ತು ಸಂಬಳದ ಬ್ರೇಕಪ್ ಗೊತ್ತಿಲ್ಲದಾಗ ಹೇಳಿದ ಅಂದಾಜು ಅದು. ಈಗ ಎರಡೂ ಗೊತ್ತಾಗಿರುವುದರಿಂದ ಪರಿಷ್ಕರಿಸುತ್ತಿದ್ದೇನೆ’ ಎಂದರೆ ಸಾಕು. ಆನ್‌ಕಾಲ್ ಇದೆ ಎಂಬುದು ಮೊದಲ ಕರೆಯಲ್ಲಿ ಅವರೂ ಹೇಳಿರಲಿಲ್ಲವಲ್ಲ.

ಪತ್ರ

ಮಾತುಕತೆ ವಾಟ್ಸ್ಯಾಪಿನಲ್ಲಿ ಶುರುವಾಗಿದ್ದರೂ ಕೌಂಟರ್ ಆಫರ್ ಮೇಲ್‌ನಲ್ಲೇ ಹೋಗಬೇಕು, ಆಫರ್ ಬಂದ ಮೇಲ್‌ಗೇ ಉತ್ತರವಾಗಿ. ಆಗ ಹಳೆಯ ಅಂಕಿಗಳೂ ಹೊಸ ಕೋರಿಕೆಯೂ ಒಂದೇ ಕಡೆ ಸಿಗುತ್ತವೆ. ವಾಟ್ಸ್ಯಾಪಿನಲ್ಲಿ ‘ಮೇಡಂ, ಆಫರ್ ಕುರಿತು ಮೇಲ್ ಕಳಿಸಿದ್ದೇನೆ, ನೋಡಿ’ ಎಂದಷ್ಟೇ ಹಾಕಿ. ನಿಜದಲ್ಲಿ ಈ ಪತ್ರ ಇಂಗ್ಲಿಷಿನಲ್ಲೇ ಹೋಗುವುದು. ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿ. ಮುಲಾಜಿನ ಮಾತುಗಳು ಎಲ್ಲೆಲ್ಲಿ ನುಸುಳಿವೆ ಎಂಬುದು ಕನ್ನಡದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮ ಹುಡುಗಿಯ ಮೆಸೇಜು ತಿದ್ದಿದ ಮೇಲೆ ಹೀಗಾಯಿತು:

‘ನಮಸ್ತೆ. ಆಫರ್ ಮತ್ತು ಬ್ರೇಕಪ್ ಕಳಿಸಿದ್ದಕ್ಕೆ ಧನ್ಯವಾದ. ತಂಡದೊಂದಿಗೆ ಮಾತಾಡಿದ ಮೇಲೆ ಈ ಕೆಲಸಕ್ಕೆ ಸೇರಲು ನನಗೆ ಮನಸ್ಸಿದೆ.

ಬ್ರೇಕಪ್ ಪ್ರಕಾರ ಫಿಕ್ಸೆಡ್ 11,30,000. ನನ್ನ ಈಗಿನ ಫಿಕ್ಸೆಡ್ 9,60,000 ಇರುವುದರಿಂದ ಏರಿಕೆ ಶೇ. 17.7 ಆಗುತ್ತದೆ. ಪೇಮೆಂಟ್ ಮಾಡ್ಯೂಲಿನ ಪೂರ್ಣ ಜವಾಬ್ದಾರಿ ಮತ್ತು ಆನ್‌ಕಾಲ್ ಈ ಹುದ್ದೆಯಲ್ಲಿ ಸೇರಿವೆ ಎಂದು ಮೂರನೆಯ ಸುತ್ತಿನಲ್ಲಿ ತಿಳಿಯಿತು. ಕಳೆದ ಎರಡು ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ.

ಇದನ್ನು ಪರಿಗಣಿಸಿ ಫಿಕ್ಸೆಡ್ ಮೊತ್ತವನ್ನು 12,50,000ಕ್ಕೆ ಪರಿಷ್ಕರಿಸಬೇಕೆಂದು ಕೋರುತ್ತೇನೆ. ವೇರಿಯಬಲ್ ಮತ್ತು ಉಳಿದ ಅಂಶಗಳು ಈಗಿರುವಂತೆಯೇ ಇರಲಿ.

ಈ ಮೊತ್ತಕ್ಕೆ ಒಪ್ಪಿಗೆಯಾದರೆ ಪರಿಷ್ಕೃತ ಪತ್ರ ಬಂದ ಎರಡು ಕೆಲಸದ ದಿನಗಳೊಳಗೆ ಸಹಿ ಮಾಡಿ, ಅದೇ ದಿನ ಇಲ್ಲಿ ರಾಜೀನಾಮೆ ಕೊಡುತ್ತೇನೆ. ಗುರುವಾರದೊಳಗೆ ತಿಳಿಸಿದರೆ ಅನುಕೂಲ. ಬೇಕಿದ್ದರೆ ಫೋನಿನಲ್ಲೂ ಮಾತಾಡಬಹುದು.’

ಹಳೆಯ ಮೆಸೇಜಿನ ಪಕ್ಕ ಇದನ್ನಿಟ್ಟು ನೋಡಿ. ‘ಅನ್ನಿಸ್ತಿದೆ’ ಇದ್ದ ಕಡೆ ಲೆಕ್ಕ ಬಂದಿದೆ. ‘ಏನಾದ್ರೂ ಮಾಡೋಕಾಗುತ್ತಾ’ ಇದ್ದ ಕಡೆ ಒಂದು ಸಂಖ್ಯೆ ಬಂದಿದೆ. ಬಾಡಿಗೆಯ ಜಾಗದಲ್ಲಿ ಪೇಮೆಂಟ್ ಮಾಡ್ಯೂಲ್ ಬಂದಿದೆ. ವಿನಯ ಎಲ್ಲೂ ಕಡಿಮೆಯಾಗಿಲ್ಲ, ಧನ್ಯವಾದವೂ ಇದೆ, ಕೋರಿಕೆಯೂ ಇದೆ. ಹೋಗಿರುವುದು ಕ್ಷಮೆ ಕೇಳುವ ಧಾಟಿ ಮಾತ್ರ. ‘ತೊಂದರೆ ಕೊಡ್ತಿರೋದಕ್ಕೆ ಸಾರಿ’ ಎಂದು ಸೇರಿಸುವ ಚಾಳಿ ಇರುವವರು ಕಳಿಸುವ ಮೊದಲು ಅದೊಂದು ಸಾಲನ್ನು ಹುಡುಕಿ ಅಳಿಸಿ. ಹಾಗೆಯೇ ಉದ್ದವಾಗಿಸಬೇಡಿ. ಒಂದು ಮೊಬೈಲ್ ಪರದೆಯಲ್ಲಿ ಹಿಡಿಸದ ಪತ್ರವನ್ನು ರಿಕ್ರೂಟರ್ ತಾವೇ ಸಂಕ್ಷೇಪಿಸಿ ಬರೆಯುತ್ತಾರೆ, ಆಗ ನಿಮ್ಮ ಕಾರಣಗಳೆಲ್ಲ ಸೋರಿಹೋಗಿ ಸಂಖ್ಯೆಯೊಂದೇ ಉಳಿಯುತ್ತದೆ.

ಈ ಪತ್ರದಲ್ಲಿ ಅತ್ಯಂತ ಬೆಲೆಯುಳ್ಳ ಸಾಲು ಸಂಬಳದ್ದಲ್ಲ, ಸಹಿಯದ್ದು ಎಂಬುದು ನನ್ನ ಅಭಿಪ್ರಾಯ. ನಮ್ಮ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಅನೇಕ ಕಡೆ 90 ದಿನ. ಆಫರ್ ಒಪ್ಪಿಕೊಂಡ ಅಭ್ಯರ್ಥಿ ಆ ಮೂರು ತಿಂಗಳಲ್ಲಿ ಅದೇ ಪತ್ರ ತೋರಿಸಿ ಇನ್ನೆರಡು ಆಫರ್ ಗಿಟ್ಟಿಸಿ, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಳ್ಳುವುದು ಪ್ರತಿ ರಿಕ್ರೂಟರೂ ಉಂಡ ಅನುಭವ. ಹಾಗಾಗಿ ಹೆಚ್ಚು ಕೊಡುವುದಕ್ಕಿಂತ ಹೆಚ್ಚಾಗಿ ಅವರಿಗಿರುವ ಭಯ, ಕೊಟ್ಟ ಮೇಲೂ ಈಕೆ ಬರದಿದ್ದರೆ ಎನ್ನುವುದು. ಇಷ್ಟು ಕೊಟ್ಟರೆ ಇಂಥ ದಿನ ಸಹಿ, ಇಂಥ ದಿನ ರಾಜೀನಾಮೆ ಎಂದು ಬರೆದುಕೊಟ್ಟರೆ ಮ್ಯಾನೇಜರ್ ಬಳಿ ವಾದಿಸಲು ರಿಕ್ರೂಟರಿಗೆ ಒಂದು ಆಯುಧ ಸಿಕ್ಕಂತೆ. ಬರೆದ ಮೇಲೆ ಅದರಂತೆ ನಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ಬಜೆಟ್ ಇಲ್ಲ’ ಎಂದಾಗ

ಎರಡು ದಿನ ಬಿಟ್ಟು ಉತ್ತರ ಬಂತು: ‘ಈ ಗ್ರೇಡಿನಲ್ಲಿ ಫಿಕ್ಸೆಡ್ ಇಷ್ಟು ಕೊಡಲು ಬರುವುದಿಲ್ಲ. ಮ್ಯಾಕ್ಸಿಮಮ್ 11,90,000. ಇದು ಫೈನಲ್.’ ಇಂಥ ಹೊತ್ತಿನಲ್ಲಿ ‘ಓಕೆ ಮೇಡಂ’ ಎಂದುಬಿಡುವವರೂ ಇದ್ದಾರೆ, ಮತ್ತೆ 12,50,000ಕ್ಕೇ ಜೋತುಬೀಳುವವರೂ ಇದ್ದಾರೆ. ಎರಡೂ ಬೇಡ. ಗ್ರೇಡಿನ ಮಿತಿ ಎಂಬುದು ಹೆಚ್ಚಾಗಿ ನಿಜವೇ ಆಗಿರುತ್ತದೆ. ಅದೇ ತಂಡದಲ್ಲಿ ಈಗಾಗಲೇ ಇರುವವರಿಗಿಂತ ಹೊಸಬರಿಗೆ ತೀರ ಹೆಚ್ಚು ಕೊಟ್ಟರೆ ಒಳಗೆ ಗದ್ದಲವಾಗುತ್ತದೆ. ಆದರೆ ಆ ಮಿತಿ ಪ್ರತಿವರ್ಷ ಕೊಡಬೇಕಾದ ಸಂಬಳಕ್ಕೆ. ಒಂದೇ ಸಲ ಕೊಡುವ ಹಣಕ್ಕೆ ಸಾಮಾನ್ಯವಾಗಿ ಬೇರೆ ಲೆಕ್ಕ. ಎರಡನೆಯ ಸುತ್ತಿನಲ್ಲಿ ಆ ಬಾಗಿಲು ತಟ್ಟಬೇಕು.

ಅದಕ್ಕೂ ಲೆಕ್ಕವೇ ಬೇಕು. ಹೊಸ ಕಂಪನಿಗೆ ಅವಳು 45 ದಿನದಲ್ಲಿ ಬರಬೇಕು. ಅವಳ ನೋಟಿಸ್ 90 ದಿನ. ಉಳಿದ 45 ದಿನಕ್ಕೆ ಹಳೆ ಕಂಪನಿಗೆ ಹಣ ಕಟ್ಟಿ ಬಿಡುಗಡೆ ಪಡೆಯಬೇಕು. ತಿಂಗಳಿಗೆ 80,000ದಂತೆ 1,20,000 ರೂಪಾಯಿ. (ಕೆಲವು ಕಂಪನಿಗಳು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕುತ್ತವೆ, ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ.) ಇದರ ಜೊತೆಗೆ ಈಗ ಬಿಟ್ಟರೆ ಏಪ್ರಿಲ್‌ನಲ್ಲಿ ಬರಬೇಕಿದ್ದ ವಾರ್ಷಿಕ ಬೋನಸ್ 50,000 ಕೈತಪ್ಪುತ್ತದೆ. ಎರಡಕ್ಕೂ ಕಾರಣ ಹೊಸ ಕಂಪನಿಯ ಅವಸರ. ಅವಳು ಬರೆದಳು:

‘ಫಿಕ್ಸೆಡ್ 11,90,000ಕ್ಕೆ ಏರಿಸಿದ್ದಕ್ಕೆ ಧನ್ಯವಾದ. ಗ್ರೇಡಿನ ಮಿತಿ ಅರ್ಥವಾಗುತ್ತದೆ. 45 ದಿನದಲ್ಲಿ ಸೇರಲು ನಾನು 1,20,000 ನೋಟಿಸ್ ಮೊತ್ತ ಕಟ್ಟಬೇಕಾಗುತ್ತದೆ, ಏಪ್ರಿಲ್‌ನ ಬೋನಸ್ 50,000 ಬಿಡಬೇಕಾಗುತ್ತದೆ. ನೋಟಿಸ್ ಮೊತ್ತವನ್ನು ರಸೀದಿಯ ಮೇಲೆ ಭರಿಸಿ, 50,000 ಜಾಯಿನಿಂಗ್ ಬೋನಸ್ ಸೇರಿಸಿದರೆ ಇಂದೇ ಒಪ್ಪಿಗೆ ಕಳಿಸುತ್ತೇನೆ.’

ಅವರು ನೋಟಿಸ್ ಮೊತ್ತಕ್ಕೆ ಒಪ್ಪಿ ಜಾಯಿನಿಂಗ್ ಬೋನಸ್‌ಗೆ ಇಲ್ಲ ಎಂದರೂ ಅವಳ ಲೆಕ್ಕ ಸರಿಹೋಗುತ್ತದೆ. ಫಿಕ್ಸೆಡ್ ಅವಳ ಮನಸ್ಸಿನ 11,80,000ಕ್ಕಿಂತ ಮೇಲಿದೆ, ಏರಿಕೆ ಶೇ. 24ರ ಹತ್ತಿರ ಬಂದಿದೆ. ಅಲ್ಲಿಗೆ ನಿಲ್ಲಿಸಬೇಕು. ಮೂರನೆಯ ಸಲ ಕೇಳಿದರೆ ರಿಕ್ರೂಟರಿಗೆ ತಮ್ಮ ಮ್ಯಾನೇಜರ ಮುಂದೆ ಮುಖಭಂಗ, ಸೇರುವ ಮೊದಲೇ ನಿಮ್ಮ ಹೆಸರಿಗೆ ಒಂದು ಚುಕ್ಕೆ. ‘ಆರು ತಿಂಗಳಾದ ಮೇಲೆ ನೋಡೋಣ’ ಎಂಬ ಬಾಯಿಮಾತನ್ನು ಮಾತ್ರ ಹಣದ ಬದಲಿಗೆ ಒಪ್ಪಿಕೊಳ್ಳಬೇಡಿ. ಆಫರ್ ಪತ್ರದಲ್ಲಿ ದಿನಾಂಕ ಸಮೇತ ಬರದಿದ್ದರೆ ಅದು ಇಲ್ಲವೆಂದೇ ಲೆಕ್ಕ. ಆರು ತಿಂಗಳಿಗೆ ಆ ರಿಕ್ರೂಟರ್ ಅಲ್ಲಿರುತ್ತಾರೆಂಬ ಖಾತ್ರಿಯೂ ಇಲ್ಲ.

ಜಾಯಿನಿಂಗ್ ಬೋನಸ್ ಸಿಕ್ಕಿದರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹನ್ನೊಂದನೆಯ ತಿಂಗಳು ಬಿಟ್ಟರೂ ಪೂರ್ತಿ ಕೊಡಬೇಕೋ, ಉಳಿದ ತಿಂಗಳ ಲೆಕ್ಕದಲ್ಲೋ? ತೆರಿಗೆ ಹಿಡಿದು ಕೊಟ್ಟ ಹಣವನ್ನು ವಾಪಸ್ ಕೇಳುವಾಗ ತೆರಿಗೆಯನ್ನೂ ಸೇರಿಸಿ ಕೇಳುತ್ತಾರೋ? ಈ ಎರಡು ಪ್ರಶ್ನೆಗೆ ಸಹಿ ಮಾಡುವ ಮೊದಲು ಮೇಲ್‌ನಲ್ಲೇ ಉತ್ತರ ಪಡೆಯಿರಿ.

ಇದೆಲ್ಲ ಎಲ್ಲ ಕಡೆ ನಡೆಯುವುದಿಲ್ಲ. ಕ್ಯಾಂಪಸ್ ಆಯ್ಕೆಯಲ್ಲಿ ಒಂದು ಬ್ಯಾಚಿಗೆಲ್ಲ ಹೆಚ್ಚಾಗಿ ಒಂದೇ ಸಂಬಳ, ಅಲ್ಲಿ ಇಂಥ ಪತ್ರ ಬರೆದು ಉಪಯೋಗವಿಲ್ಲ. ಸರ್ಕಾರಿ ಮತ್ತು ಸಾರ್ವಜನಿಕ ವಲಯದ ವೇತನ ಶ್ರೇಣಿಗಳೂ ಹಾಗೆಯೇ. ನಿಮ್ಮೊಂದಿಗೆ ಮಾತಾಡುತ್ತಿರುವವರು ಕಂಪನಿಯ ರಿಕ್ರೂಟರೋ ಹೊರಗಿನ ಕನ್ಸಲ್ಟೆನ್ಸಿಯವರೋ ತಿಳಿದುಕೊಳ್ಳಿ. ಕನ್ಸಲ್ಟೆನ್ಸಿಗೆ ದುಡ್ಡು ಬರುವುದು ನೀವು ಸೇರಿದ ಮೇಲೆ. ನಿಮ್ಮ ಸಂಬಳ ಅರವತ್ತು ಸಾವಿರ ಏರುವುದಕ್ಕಿಂತ ನೀವು ಬೇಗ ಹ್ಞೂಂ ಅನ್ನುವುದೇ ಅವರಿಗೆ ಲಾಭ. ಅಂಥವರಿಗೆ ಬರೆಯುವಾಗ ‘ಈ ಮೇಲನ್ನು ಹಾಗೆಯೇ ಕಂಪನಿಯ ಎಚ್‌ಆರ್‌ಗೆ ಕಳಿಸಿ’ ಎಂದು ಒಂದು ಸಾಲು ಸೇರಿಸಿ.

ಇಡೀ ವ್ಯವಹಾರಕ್ಕೆ ಸಮಯ ಇರುವುದು ಆಫರ್ ಬಾಯಿಮಾತಿನಲ್ಲಿ ಬಂದಾಗಿನಿಂದ ನೀವು ಸಹಿ ಮಾಡುವವರೆಗೆ ಮಾತ್ರ. ಪರಿಷ್ಕೃತ ಪತ್ರ ಬಂದಾಗ ಅದರಲ್ಲಿ ಫಿಕ್ಸೆಡ್ ಮೊತ್ತ, ನೋಟಿಸ್ ಮೊತ್ತ ಭರಿಸುವ ಮಾತು, ಸೇರುವ ದಿನಾಂಕ ಈ ಮೂರೂ ನೀವು ಒಪ್ಪಿಕೊಂಡ ಹಾಗೆಯೇ ಇವೆಯೇ ನೋಡಿ. ಒಂದು ಕಡಿಮೆಯಿದ್ದರೂ ಅದನ್ನು ಸೇರಿಸಿ ಕಳಿಸುವವರೆಗೆ ಹಳೆ ಕಂಪನಿಯಲ್ಲಿ ರಾಜೀನಾಮೆ ಕೊಡಬೇಡಿ.